ಟಾರ್ಪಾಲಿನಿಂದ ದೀಪಕ್ಕೆ ಎಷ್ಟು ದೂರ?

ಒಂದು ಬಿಂದುವಿನಿಂದ ಒಂದು ಸಮತಲಕ್ಕೆ ಎಷ್ಟು ದೂರ ಎಂದು ಕೇಳಿದಾಗ ಅದರೊಳಗೆ ಇನ್ನೊಂದು ಪ್ರಶ್ನೆ ಅಡಗಿರುತ್ತದೆ. ಸಮತಲದ ಮೇಲೆ ಲೆಕ್ಕವಿಲ್ಲದಷ್ಟು ಬಿಂದುಗಳಿವೆ, ಪ್ರತಿಯೊಂದಕ್ಕೂ ಬೇರೆ ಬೇರೆ ದೂರ. ಅವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಯಾವುದೋ ಅದನ್ನೇ ‘ಸಮತಲಕ್ಕಿರುವ ದೂರ’ ಎನ್ನುತ್ತಾರೆ. ಹಾಗಾಗಿ ಇದು ಅಳತೆಯ ಪ್ರಶ್ನೆಯಂತೆ ಕಂಡರೂ ನಿಜದಲ್ಲಿ ಹುಡುಕಾಟದ ಪ್ರಶ್ನೆ. ಒಂದು ನಿರ್ಬಂಧಕ್ಕೆ ಒಳಪಟ್ಟು ಕನಿಷ್ಠವನ್ನು ಹುಡುಕಬೇಕು. ‘ಸಮತಲ ಬಿಟ್ಟು ಕದಲಬಾರದು’ ಎಂಬುದೇ ಆ ನಿರ್ಬಂಧ.

ಮನೆಯ ಹಿತ್ತಲಿನ ಒಂದು ಮೂಲೆಯನ್ನು ತೆಗೆದುಕೊಳ್ಳಬಹುದು. ಎರಡು ಕಾಂಪೌಂಡ್ ಗೋಡೆಗಳು ಅಲ್ಲಿ ಲಂಬವಾಗಿ ಸೇರುತ್ತವೆ. ಒಂದು ಪೂರ್ವಕ್ಕೆ ಹೋಗುತ್ತದೆ, ಇನ್ನೊಂದು ಉತ್ತರಕ್ಕೆ. ಮೂಲೆಯಲ್ಲಿ 9 ಅಡಿ ಎತ್ತರದ ಕಬ್ಬಿಣದ ಪೈಪು ನಿಂತಿದೆ. ಪೂರ್ವದ ಗೋಡೆಯ ಬುಡದಲ್ಲಿ ಮೂಲೆಯಿಂದ 18 ಅಡಿಗೆ ಒಂದು ಗೂಟ, ಉತ್ತರದ ಗೋಡೆಯ ಬುಡದಲ್ಲಿ 9 ಅಡಿಗೆ ಇನ್ನೊಂದು. ತ್ರಿಕೋನಾಕಾರದ ಟಾರ್ಪಾಲಿನ ಮೂರು ತುದಿಗಳನ್ನು ಪೈಪಿನ ತಲೆಗೂ ಎರಡು ಗೂಟಗಳಿಗೂ ಬಿಗಿಯಾಗಿ ಕಟ್ಟಲಾಗಿದೆ. ಒಂದೇ ಸಾಲಿನಲ್ಲಿಲ್ಲದ ಮೂರು ಬಿಂದುಗಳು ಒಂದೇ ಒಂದು ಸಮತಲವನ್ನು ನಿರ್ಧರಿಸುತ್ತವೆ. ಆದ್ದರಿಂದ ಜೋಲು ಬೀಳದ ಹಾಗೆ ಕಟ್ಟಿದ ಟಾರ್ಪಾಲು ಸಮತಲದ ಒಂದು ತುಂಡು. ಮೂಲೆಯ ನೆಲವನ್ನು ಸೊನ್ನೆ ಎಂದು ಹಿಡಿದು, ಪೂರ್ವಕ್ಕೆ x, ಉತ್ತರಕ್ಕೆ y, ಮೇಲಕ್ಕೆ z ಎಂದು ಅಡಿಗಳಲ್ಲಿ ಅಳೆದರೆ ಅದರ ಸಮೀಕರಣ ಇದು:

x + 2y + 2z = 18

ಮೂರು ತುದಿಗಳನ್ನೂ ಹಾಕಿ ನೋಡಬಹುದು: (18, 0, 0), (0, 9, 0), (0, 0, 9). ಮೂರೂ 18ನ್ನೇ ಕೊಡುತ್ತವೆ. ಟಾರ್ಪಾಲಿನ ಕೆಳಗೆ ಒಂದು ಸ್ಟ್ಯಾಂಡಿನ ಮೇಲೆ ಹ್ಯಾಲೊಜೆನ್ ದೀಪವಿದೆ. ಎರಡೂ ಗೋಡೆಗಳಿಂದ ಅದು ಒಂದೊಂದು ಅಡಿ ದೂರ, ನೆಲದಿಂದ 3 ಅಡಿ ಮೇಲೆ. ಅಂದರೆ ಅದು P = (1, 1, 3) ಎಂಬ ಬಿಂದು. ದೀಪ ಚೆನ್ನಾಗಿ ಕಾಯುವಂಥದ್ದು, ಟಾರ್ಪಾಲು ಪ್ಲಾಸ್ಟಿಕ್ಕಿನದು. ಎರಡರ ನಡುವಿನ ಅತಿ ಕಡಿಮೆ ಅಂತರ ಎಷ್ಟೆಂದು ತಿಳಿಯಬೇಕು.

ಮೊದಲು ಕೈಗೆ ಸುಲಭವಾಗಿ ಸಿಗುವ ಅಳತೆಗಳು. ದೀಪದಿಂದ ನೇರ ಮೇಲಕ್ಕೆ ಟೇಪು ಹಿಡಿದರೆ 4.5 ಅಡಿಗೆ ಟಾರ್ಪಾಲು ತಗಲುತ್ತದೆ. ನೇರ ಉತ್ತರಕ್ಕೆ ಹಿಡಿದರೂ 4.5 ಅಡಿ. ನೇರ ಪೂರ್ವಕ್ಕೆ 9 ಅಡಿ. ಸರಿಯಾದ ಉತ್ತರ 4.5ಕ್ಕಿಂತ ಹೆಚ್ಚಿರಲಾರದು ಎಂಬುದು ಇಷ್ಟರಿಂದಲೇ ಗೊತ್ತಾಯಿತು. ಆದರೆ ಓರೆಯಾಗಿ ಹಿಡಿದರೆ ಇನ್ನೂ ಕಡಿಮೆ ಸಿಗಬಹುದು. ಯಾವ ಓರೆಯಲ್ಲಿ ಹಿಡಿಯಬೇಕು?

ದೀಪವನ್ನೇ ನಡುವಾಗಿಟ್ಟುಕೊಂಡು ಒಂದು ಬಲೂನು ನಿಧಾನವಾಗಿ ಊದಿಕೊಳ್ಳುತ್ತಿದೆ ಎಂದುಕೊಂಡರೆ ಉತ್ತರದ ಸುಳಿವು ಸಿಗುತ್ತದೆ. ಬಲೂನಿನ ಮೈ ಮೇಲಿನ ಎಲ್ಲ ಬಿಂದುಗಳೂ ದೀಪದಿಂದ ಒಂದೇ ದೂರದಲ್ಲಿರುತ್ತವೆ. ಊದುತ್ತ ಊದುತ್ತ ಅದು ಟಾರ್ಪಾಲನ್ನು ಮೊದಲು ಮುಟ್ಟುವ ಬಿಂದುವೇ ಅತಿ ಹತ್ತಿರದ್ದು. ಮುಟ್ಟಿದ ಆ ಕ್ಷಣದಲ್ಲಿ ಬಲೂನು ಟಾರ್ಪಾಲನ್ನು ಸವರಿ ನಿಂತಿರುತ್ತದೆ, ದಾಟಿರುವುದಿಲ್ಲ. ಗೋಳವನ್ನು ಸವರುವ ಸಮತಲಕ್ಕೆ ಆ ಜಾಗದ ತ್ರಿಜ್ಯ ಯಾವಾಗಲೂ ಲಂಬ. ಮುಂದೆ ಬರುವ ಎರಡು ವಿಧಾನಗಳಲ್ಲಿ ಒಂದು ಈ ಮಾತನ್ನು ಕಲನಶಾಸ್ತ್ರದ ಭಾಷೆಯಲ್ಲಿ ಹೇಳುತ್ತದೆ, ಇನ್ನೊಂದು ರೇಖಾಗಣಿತದ ಭಾಷೆಯಲ್ಲಿ.

ಕಲನಶಾಸ್ತ್ರದ ದಾರಿಯಲ್ಲಿ ಮೊದಲ ಕೆಲಸ ವರ್ಗಮೂಲವನ್ನು ಕಳಚುವುದು. ದೂರ ಕಡಿಮೆಯಾದಾಗಲೇ ದೂರದ ವರ್ಗವೂ ಕಡಿಮೆಯಾಗುವುದರಿಂದ ವರ್ಗವನ್ನೇ ಕನಿಷ್ಠಗೊಳಿಸಿದರೆ ಸಾಕು:

f = (x − 1)² + (y − 1)² + (z − 3)²

ಸಾಮಾನ್ಯವಾಗಿ ಕನಿಷ್ಠ ಬೇಕಾದಾಗ ನಿಷ್ಪನ್ನಗಳನ್ನು ಸೊನ್ನೆಗೆ ಸಮಮಾಡುತ್ತಾರೆ. ಇಲ್ಲಿ ಹಾಗೆ ಮಾಡಿದರೆ x = 1, y = 1, z = 3 ಎಂದು ಬರುತ್ತದೆ, ಅಂದರೆ ದೀಪವೇ. ದೀಪಕ್ಕೆ ಅತಿ ಹತ್ತಿರದ ಬಿಂದು ದೀಪ! ತಪ್ಪೇನಿಲ್ಲ, ಆದರೆ ಅದು ಟಾರ್ಪಾಲಿನ ಮೇಲಿಲ್ಲ. ನಿರ್ಬಂಧವನ್ನು ಲೆಕ್ಕದೊಳಗೆ ತರಲೇಬೇಕು. ಸಮತಲದ ಸಮೀಕರಣದಿಂದ z = 9 − x/2 − y ಎಂದು ಬಿಡಿಸಿ f ಒಳಗೆ ಹಾಕಿ, ಎರಡೇ ಚರಗಳಲ್ಲಿ ಲೆಕ್ಕ ಮುಗಿಸುವುದು ಒಂದು ಉಪಾಯ. ಅದು ಕೆಲಸ ಮಾಡುತ್ತದೆ. ಆದರೆ ಮೂರು ಚರಗಳಲ್ಲಿ ಒಂದನ್ನು ಸುಮ್ಮನೆ ಬಲಿಕೊಟ್ಟಂತಾಗಿ ಲಂಬದ ಚಿತ್ರ ಬೀಜಗಣಿತದಲ್ಲಿ ಹೂತುಹೋಗುತ್ತದೆ.

ಟುರಿನ್‌ನಲ್ಲಿ 1736ರಲ್ಲಿ ಹುಟ್ಟಿದ ಜೋಸೆಫ್ ಲೂಯಿ ಲಗ್ರಾಂಜ್ ಬೇರೆ ದಾರಿ ತೋರಿಸಿದ. ಟಾರ್ಪಾಲಿನ ಮೇಲೆ ಒಂದು ಇರುವೆ ನಡೆಯುತ್ತಿದೆ ಎನ್ನೋಣ. ಅದು ಒಂದು ಹೆಜ್ಜೆ ಇಟ್ಟಾಗ f ಎಷ್ಟು ಬದಲಾಗುತ್ತದೆ ಎಂಬುದನ್ನು f ಇನ ಗ್ರೇಡಿಯೆಂಟ್ ಎಂಬ ಸದಿಶ ಹೇಳುತ್ತದೆ. f ಯಾವ ಕಡೆಗೆ ಅತಿ ವೇಗವಾಗಿ ಏರುತ್ತದೋ ಆ ಕಡೆಗೆ ಮುಖಮಾಡಿದ ಬಾಣ ಅದು. ಹೆಜ್ಜೆಯ ದಿಕ್ಕಿಗೆ ಈ ಬಾಣದ ಅಂಶ ಒಂದಿಷ್ಟಾದರೂ ಇದ್ದರೆ, ಹಿಂದಕ್ಕೋ ಮುಂದಕ್ಕೋ ಸರಿದು f ಅನ್ನು ಇನ್ನೂ ಇಳಿಸಬಹುದು. ಅತಿ ಹತ್ತಿರದ ಬಿಂದುವಿನಲ್ಲಿ ಇನ್ನು ಇಳಿಸಲು ಜಾಗವಿಲ್ಲ. ಇರುವೆ ಟಾರ್ಪಾಲಿನ ಮೇಲೆ ಯಾವ ಕಡೆ ತಿರುಗಿದರೂ ಬಾಣದ ಅಂಶ ಆ ಕಡೆಗೆ ಸೊನ್ನೆ. ಟಾರ್ಪಾಲಿನ ಎಲ್ಲ ದಿಕ್ಕುಗಳಿಗೂ ಲಂಬವಾದದ್ದು ಒಂದೇ ದಿಕ್ಕು, ಅದರ ಅಭಿಲಂಬ. ಸಮೀಕರಣದ ಸಹಗುಣಕಗಳೇ ಅದನ್ನು ಕೊಡುತ್ತವೆ: n = (1, 2, 2). ಹಾಗಾಗಿ ಗ್ರೇಡಿಯೆಂಟ್ n ಇನ ಯಾವುದೋ ಒಂದು ಪಟ್ಟು ಆಗಿರಲೇಬೇಕು. ಎಷ್ಟು ಪಟ್ಟು ಎಂಬ ಅಜ್ಞಾತ ಸಂಖ್ಯೆಯೇ ಲಗ್ರಾಂಜ್ ಗುಣಕ, λ:

2(x − 1) = λ
2(y − 1) = 2λ
2(z − 3) = 2λ

ಈಗ ಅಜ್ಞಾತಗಳು ನಾಲ್ಕು, ಸಮೀಕರಣ ಮೂರು. ನಾಲ್ಕನೆಯದು ಸಮತಲದ ಸಮೀಕರಣವೇ. ಮೊದಲ ಮೂರರಿಂದ x = 1 + λ/2, y = 1 + λ, z = 3 + λ. ಇವನ್ನು ಸಮತಲದ ಸಮೀಕರಣಕ್ಕೆ ಹಾಕಿದರೆ 9 + 4.5λ = 18, ಅಂದರೆ λ = 2. ಬಿಂದು F = (2, 3, 5). ದೀಪದಿಂದ ಅಲ್ಲಿಗೆ ಪೂರ್ವಕ್ಕೆ 1 ಅಡಿ, ಉತ್ತರಕ್ಕೆ 2, ಮೇಲಕ್ಕೆ 2. ವರ್ಗಗಳ ಮೊತ್ತ 1 + 4 + 4 = 9. ದೂರ 3 ಅಡಿ. ನೇರ ಮೇಲಕ್ಕೆ ಹಿಡಿದ ಟೇಪಿಗಿಂತ ಒಂದೂವರೆ ಅಡಿ ಕಡಿಮೆ.

λ ಬರೀ ಲೆಕ್ಕ ಮುಗಿಸಲು ತಂದ ಸಂಖ್ಯೆಯಲ್ಲ. ನಿರ್ಬಂಧವನ್ನು ಸ್ವಲ್ಪ ಸಡಿಲಿಸಿದರೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಪೈಪನ್ನು 9ರಿಂದ 9.05 ಅಡಿಗೆ ಏರಿಸಿ, ಗೂಟಗಳನ್ನೂ ಅದೇ ಪ್ರಮಾಣದಲ್ಲಿ 18.1 ಮತ್ತು 9.05 ಅಡಿಗೆ ಸರಿಸಿದರೆ ಸಮೀಕರಣದ ಬಲಭಾಗ 18.1 ಆಗುತ್ತದೆ. ಏರಿಕೆ 0.1, λ = 2, ಆದ್ದರಿಂದ ದೂರದ ವರ್ಗ ಸುಮಾರು 0.2 ಹೆಚ್ಚಬೇಕು. ಪೂರ್ತಿ ಲೆಕ್ಕ ಮಾಡಿದರೆ ಅದು 9ರಿಂದ 9.2011ಕ್ಕೆ ಹೋಗುತ್ತದೆ. ಆದರೆ ಒಂದು ಎಚ್ಚರ ಬೇಕು. ಇಲ್ಲಿ λ ಹೇಳುವುದು ದೂರದ ವರ್ಗದ ವಿಷಯ, ದೂರದ ವಿಷಯವಲ್ಲ. ಅಲ್ಲದೆ ಸಮತಲವನ್ನು 2x + 4y + 4z = 36 ಎಂದು ಬರೆದರೆ ಟಾರ್ಪಾಲು ಅದೇ, F ಅದೇ, ಆದರೆ λ ಮಾತ್ರ 1 ಆಗುತ್ತದೆ. ಸಮೀಕರಣವನ್ನು ಹೇಗೆ ಬರೆದಿದೆ ಎಂದು ಹೇಳದೆ λ ಬೆಲೆಯನ್ನು ಮಾತ್ರ ಹೇಳಿದರೆ ಅರ್ಥವಿಲ್ಲ.

ಲಗ್ರಾಂಜ್ 1788ರ ತನ್ನ ಯಂತ್ರಶಾಸ್ತ್ರದ ಗ್ರಂಥದಲ್ಲಿ ಗುಣಕಗಳನ್ನು ಬಳಸಿದ್ದು ಬಲಗಳ ಸಮತೋಲನಕ್ಕೆ. ಟಾರ್ಪಾಲಿಗೂ ಆ ನೋಟ ಹೊಂದುತ್ತದೆ. ಘರ್ಷಣೆಯಿಲ್ಲದೆ ಟಾರ್ಪಾಲಿನ ಮೇಲೆ ಜಾರುವ ಒಂದು ಗುಂಡಿಯನ್ನು ರಬ್ಬರ್ ಎಳೆಯಿಂದ ದೀಪದ ಸ್ಟ್ಯಾಂಡಿಗೆ ಕಟ್ಟಿದರೆ ಅದು ಜಾರುತ್ತ ಹೋಗಿ F ಬಳಿ ನಿಲ್ಲುತ್ತದೆ. ರಬ್ಬರ್ ದೀಪದ ಕಡೆಗೆ ಎಳೆಯುತ್ತದೆ, ಟಾರ್ಪಾಲು ತನ್ನ ಅಭಿಲಂಬದ ದಿಕ್ಕಿನಲ್ಲಿ ಮಾತ್ರ ಎದುರು ಒತ್ತಬಲ್ಲದು. ಎರಡೂ ಸರಿತೂಗಿದಲ್ಲಿ ಗುಂಡಿಗೆ ನಿಲುಗಡೆ. ಟಾರ್ಪಾಲು ಎಷ್ಟು ಬಲದಿಂದ ಒತ್ತಬೇಕಾಯಿತು ಎಂಬುದರ ಅಳತೆಯೇ λ.

ಇನ್ನು ಎರಡನೆಯ ದಾರಿ, ಪ್ರಕ್ಷೇಪ. ಇಲ್ಲಿ ನಿಷ್ಪನ್ನವೂ ಬೇಡ, ಗುಣಕವೂ ಬೇಡ. ಎತ್ತರದಲ್ಲಿರುವ ಬಿಂದುವಿನಿಂದ ಸಮತಲಕ್ಕೆ ಲಂಬ ಇಳಿಸುವ ರಚನೆ ಯೂಕ್ಲಿಡನ 11ನೆಯ ಪುಸ್ತಕದ 11ನೆಯ ಪ್ರಮೇಯದಲ್ಲೇ ಇದೆ. ಅದರ ಇಂದಿನ ಸದಿಶ ರೂಪ ಹೀಗೆ: ಸಮತಲದ ಮೇಲೆ ಯಾವುದಾದರೂ ಒಂದು ಬಿಂದು Q ಆರಿಸಿ, P ಇಂದ Q ವರೆಗೆ ಬಾಣ ಎಳೆಯಬೇಕು. ಆ ಬಾಣವನ್ನು ಎರಡು ತುಂಡಾಗಿ ಒಡೆಯಬೇಕು, ಒಂದು ಸಮತಲದ ಉದ್ದಕ್ಕೆ, ಇನ್ನೊಂದು ಅಭಿಲಂಬದ ಉದ್ದಕ್ಕೆ. ಸಮತಲದ ಉದ್ದಕ್ಕಿರುವ ತುಂಡು ವೃಥಾ ಓಡಾಟ. ಅಭಿಲಂಬದ ಉದ್ದಕ್ಕಿರುವ ತುಂಡೇ ಬೇಕಾದ ದೂರ. ಬಾಣದ ಮತ್ತು n ಇನ ಬಿಂದು ಗುಣಲಬ್ಧವನ್ನು n ಇನ ಉದ್ದದಿಂದ ಭಾಗಿಸಿದರೆ ಅದು ಸಿಗುತ್ತದೆ. n ಇನ ಉದ್ದ √(1 + 4 + 4) = 3.

Q ಆಗಿ ಪೈಪಿನ ತಲೆಯನ್ನು ಆರಿಸೋಣ. ಬಾಣ (−1, −1, 6), ಬಿಂದು ಗುಣಲಬ್ಧ −1 − 2 + 12 = 9. ಪೂರ್ವದ ಗೂಟವನ್ನು ಆರಿಸಿದರೆ ಬಾಣ (17, −1, −3), ಗುಣಲಬ್ಧ 17 − 2 − 6 = 9. ಉತ್ತರದ ಗೂಟಕ್ಕೆ ಬಾಣ (−1, 8, −3), ಮತ್ತೆ −1 + 16 − 6 = 9. ಮೂರು ಬಾಣಗಳ ಉದ್ದ ಬೇರೆ, ದಿಕ್ಕು ಬೇರೆ, ಆದರೆ ಅಭಿಲಂಬದ ಮೇಲಿನ ನೆರಳು ಒಂದೇ. Q ಯಾವುದಾದರೂ ಆದೀತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 9 ಭಾಗಿಸು 3, ದೂರ 3 ಅಡಿ. ಪಿಯುಸಿ ಓದಿದ ಅನೇಕರು ಬಾಯಿಪಾಠ ಮಾಡಿದ ಸೂತ್ರ ಹುಟ್ಟುವುದು ಇಲ್ಲಿಂದಲೇ. ಸಮತಲ ax + by + cz = d, ಬಿಂದು (p, q, r) ಆದರೆ:

ದೂರ = |ap + bq + cr − d| / √(a² + b² + c²)

ಲಂಬಪಾದ F ಬೇಕಿದ್ದರೆ P ಇಂದ ಹೊರಟು n ದಿಕ್ಕಿನಲ್ಲಿ t ಪಟ್ಟು ನಡೆಯಬೇಕು. ಇಲ್ಲಿ t ಎಂದರೆ ಆ 9ನ್ನು n ಇನ ಉದ್ದದ ವರ್ಗದಿಂದ, ಅಂದರೆ 9ರಿಂದ ಭಾಗಿಸಿದ್ದು. t = 1. (1, 1, 3) + (1, 2, 2) = (2, 3, 5). ಗುಣಕದ ದಾರಿ ಮುಟ್ಟಿದ ಜಾಗವೇ. ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟರೆ t ಎಂಬುದು λ ಇನ ಅರ್ಧ ಎಂಬುದೂ ಕಾಣುತ್ತದೆ. ವರ್ಗದ ನಿಷ್ಪನ್ನದಿಂದ ಬಂದ 2ರ ಪಟ್ಟು ಅದು, ಬೇರೆ ಗುಟ್ಟೇನಿಲ್ಲ.

ಗ್ರೇಡಿಯೆಂಟ್ ಲಂಬವಾಗಿದ್ದ ಮಾತ್ರಕ್ಕೆ ಅದು ಕನಿಷ್ಠವೇ ಎಂದು ಹೇಳಲಾಗದು. ಬಾಗಿದ ಮೇಲ್ಮೈಗಳಲ್ಲಿ ಅದೇ ಸಮೀಕರಣಗಳು ಅತಿ ದೂರದ ಬಿಂದುವನ್ನೂ ತಂದು ಕೊಡುತ್ತವೆ. ಗೋಳದ ಹೊರಗಿನ ಬಿಂದುವಿಗೆ ಎದುರು ಮೈ ಒಂದು ಉತ್ತರ, ಬೆನ್ನು ಇನ್ನೊಂದು. ಸಮತಲದಲ್ಲಿ ಆ ಅನುಮಾನವನ್ನು ಪ್ರಕ್ಷೇಪ ಪೈಥಾಗೊರಸನ ಒಂದೇ ಸಾಲಿನಿಂದ ತೀರಿಸುತ್ತದೆ. ಸಮತಲದ ಬೇರೆ ಯಾವುದೇ ಬಿಂದು R ತೆಗೆದುಕೊಂಡರೂ PF ಮತ್ತು FR ಒಂದಕ್ಕೊಂದು ಲಂಬ, ಆದ್ದರಿಂದ PR² = PF² + FR². R ಆಗಿ ಪೈಪಿನ ತಲೆಯನ್ನು ಹಿಡಿದರೆ PR² = 1 + 1 + 36 = 38, FR² = 4 + 9 + 16 = 29, ಮತ್ತು 9 + 29 = 38. F ಬಿಟ್ಟು ಎಷ್ಟು ಸರಿದರೂ ಒಂದು ಧನ ಸಂಖ್ಯೆ ಸೇರಿಕೊಳ್ಳುತ್ತದೆ, ದೂರ ಬೆಳೆಯುತ್ತದೆ. ಕನಿಷ್ಠ ಒಂದೇ, ಅದೂ F ಒಂದರಲ್ಲೇ.

ಈ ಲೆಕ್ಕದಲ್ಲಿ ಹೆಚ್ಚಾಗಿ ಆಗುವ ತಪ್ಪು n ಇನ ಉದ್ದದಿಂದ ಭಾಗಿಸಲು ಮರೆಯುವುದು. ಆಗ ಉತ್ತರ 9 ಅಡಿ. ಇದನ್ನು ಹಿಡಿಯುವುದು ಸುಲಭ: ನೇರ ಮೇಲಕ್ಕೆ ಹಿಡಿದ ಟೇಪೇ 4.5 ತೋರಿಸಿರುವಾಗ ಅತಿ ಕಡಿಮೆ ದೂರ 9 ಆಗುವುದು ಹೇಗೆ? ಇನ್ನೊಂದು ತಪ್ಪು ಮೋಸಗಾರ. Q ಆರಿಸದೆ ಸೊನ್ನೆಯಿಂದ P ಗೆ ಹೋಗುವ ಬಾಣವನ್ನೇ n ಮೇಲೆ ಪ್ರಕ್ಷೇಪಿಸಿಬಿಡುವುದು. ಅದು ಸರಿಹೋಗುವುದು ಸಮತಲ ಸೊನ್ನೆಯ ಮೂಲಕ ಹಾದರೆ ಮಾತ್ರ. ಈ ಹಿತ್ತಲಿನ ಲೆಕ್ಕದಲ್ಲಿ ಆ ತಪ್ಪು ದಾರಿಯೂ 1 + 2 + 6 = 9, ಭಾಗಿಸು 3, ಎಂದು ಸರಿ ಉತ್ತರವನ್ನೇ ಕೊಡುತ್ತದೆ. 9 ಎಂಬುದು 18ರ ಅರ್ಧವಾದ್ದರಿಂದ ಆದ ಕಾಕತಾಳೀಯ. ದೀಪವನ್ನು ಒಂದು ಅಡಿ ಇಳಿಸಿದರೆ ಬಣ್ಣ ಬಯಲು: ತಪ್ಪು ದಾರಿ 7/3 ಎನ್ನುತ್ತದೆ, ಅಂದರೆ ದೂರ ಮೊದಲಿಗಿಂತ ಕಡಿಮೆಯಾಯಿತು. ದೀಪ ಟಾರ್ಪಾಲಿನಿಂದ ಕೆಳಕ್ಕೆ ಸರಿದಿರುವಾಗ ಅದು ಹೆಚ್ಚಬೇಕಿತ್ತು. ಸರಿ ಉತ್ತರ 11/3.

ಇದೇ ಲೆಕ್ಕವನ್ನು ಭೂಮಾಪಕರು ಟಾರ್ಪಾಲು, ದೀಪ ಏನೂ ಇಲ್ಲದೆ ಮಾಡುತ್ತಾರೆ. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ ವಿಲಿಯಂ ಲ್ಯಾಂಬ್ಟನ್‌ನಂಥವರ ತ್ರಿಕೋನ ಮಾಪನದ ಮೂಲದ್ರವ್ಯ ಕೋನಗಳು. ಸಣ್ಣ ತ್ರಿಕೋನವೊಂದರ ಮೂರು ಕೋನಗಳನ್ನು ಅಳೆದರೆ ಮೊತ್ತ 180 ಡಿಗ್ರಿ ಬರಬೇಕು. (ಮೈಲುಗಟ್ಟಲೆ ಹರಡಿದ ತ್ರಿಕೋನದಲ್ಲಿ ಭೂಮಿಯ ಗುಂಡುತನದಿಂದ ಸ್ವಲ್ಪ ಹೆಚ್ಚೇ ಬರುತ್ತದೆ, ಅದು ಬೇರೆ ಕತೆ.) ಅಳತೆಯ ತಪ್ಪಿನಿಂದ 9 ಸೆಕೆಂಡು ಹೆಚ್ಚು ಬಂತು ಎನ್ನೋಣ. ಮೂರು ಕೋನಗಳೂ ಸಮಾನ ನಂಬಿಕೆಯವಾದರೆ ಪ್ರತಿಯೊಂದರಿಂದ 3 ಸೆಕೆಂಡು ಕಳೆಯುವುದು ವಾಡಿಕೆ. ಅಳೆದ ಮೂರು ಕೋನಗಳನ್ನು ಒಂದು ಬಿಂದು ಎಂದು ನೋಡಿದರೆ, ಈ ವಾಡಿಕೆ ಆ ಬಿಂದುವನ್ನು x + y + z = 180 ಎಂಬ ಸಮತಲದ ಮೇಲೆ ಪ್ರಕ್ಷೇಪಿಸುವುದಲ್ಲದೆ ಬೇರೇನೂ ಅಲ್ಲ. ಅಭಿಲಂಬ (1, 1, 1) ಆದ್ದರಿಂದ ಮೂವರಿಗೂ ಸಮಪಾಲು.

ಮೂರನೆಯ ಕೋನವನ್ನು ಮಾತ್ರ ನಾಲ್ಕು ಸಲ ಅಳೆದು ಸರಾಸರಿ ತೆಗೆದಿದ್ದರೆ ಅದಕ್ಕೆ ಹೆಚ್ಚು ಮರ್ಯಾದೆ ಸಲ್ಲಬೇಕು. ತಿದ್ದುಪಡಿಗಳು a, b, c ಆದರೆ ಈಗ ಕನಿಷ್ಠಗೊಳಿಸಬೇಕಾದದ್ದು a² + b² + 4c², ನಿರ್ಬಂಧ a + b + c = 9. ಗುಣಕದ ವಿಧಾನ ಒಂಚೂರೂ ಬದಲಾಗದೆ ನಡೆಯುತ್ತದೆ: 2a = λ, 2b = λ, 8c = λ. ಉತ್ತರ 4, 4, 1 ಸೆಕೆಂಡು. ಸಾಮಾನ್ಯ ಲಂಬದಿಂದ ಮಾತ್ರ ಈ ಉತ್ತರ ಬಾರದು, (4, 4, 1) ಎಂಬ ಬಾಣ ಆ ಸಮತಲಕ್ಕೆ ಲಂಬವೇ ಅಲ್ಲ. ಪ್ರಕ್ಷೇಪ ಮಾಡಬೇಕಿದ್ದರೆ ಮೊದಲು ಅಳತೆಗೋಲು ಬದಲಿಸಬೇಕು. ಮೂರನೆಯ ಅಕ್ಷವನ್ನು ಎರಡು ಪಟ್ಟು ಹಿಗ್ಗಿಸಿ 2c ಅನ್ನು ಹೊಸ ಚರವೆಂದು ಹಿಡಿದರೆ ಅಭಿಲಂಬ (1, 1, ½) ಆಗುತ್ತದೆ, ಅದರ ಉದ್ದದ ವರ್ಗ 9/4, t = 4, ಬಾಣ (4, 4, 2). ಹಿಗ್ಗಿಸಿದ್ದನ್ನು ಮತ್ತೆ ಕುಗ್ಗಿಸಿದರೆ 4, 4, 1. ‘ಲಂಬ’ ಎಂಬುದು ಯಾವ ಅಳತೆಗೋಲಿನಲ್ಲಿ ಲಂಬ ಎಂದು ಕೇಳಿಕೊಳ್ಳದೆ ಪ್ರಕ್ಷೇಪಕ್ಕೆ ಕೈಹಾಕಬಾರದು. x, y ಗಳನ್ನು ಅಡಿಯಲ್ಲೂ z ಅನ್ನು ಮೀಟರಿನಲ್ಲೂ ಬರೆದಾಗ ಆಗುವ ಎಡವಟ್ಟೂ ಇದೇ ಜಾತಿಯದು.

ಕೊನೆಗೆ ಟಾರ್ಪಾಲಿನ ಅಂಚು. ಸಮತಲಕ್ಕೆ ಅಂಚಿಲ್ಲ, ಟಾರ್ಪಾಲಿಗೆ ಇದೆ. ದೀಪದ ವಿಷಯದಲ್ಲಿ (2, 3, 5) ಟಾರ್ಪಾಲಿನ ಒಳಗೇ ಬಿದ್ದದ್ದರಿಂದ ತೊಂದರೆಯಾಗಲಿಲ್ಲ. ಟಾರ್ಪಾಲಿನ ಹೊರಗೆ ಮರದ ಕೊಂಬೆಗೆ ತೂಗುಹಾಕಿದ ಇನ್ನೊಂದು ದೀಪ (1, 8, 9.5) ಎಂಬಲ್ಲಿ ಇದ್ದರೆ ಸೂತ್ರ 6 ಅಡಿ ಎನ್ನುತ್ತದೆ. ಲಂಬಪಾದ ಹುಡುಕಿದರೆ (−1, 4, 5.5). x ಋಣವಾಗಿದೆ, ಅಂದರೆ ಬಿಂದು ಗೋಡೆಯ ಆಚೆ, ಪಕ್ಕದ ಮನೆಯವರ ಜಾಗದಲ್ಲಿ! ಸಮತಲ ಅಲ್ಲಿಯವರೆಗೂ ಹೋಗುತ್ತದೆ, ಟಾರ್ಪಾಲು ಹೋಗುವುದಿಲ್ಲ. ಬರೀ ದೂರದ ಸೂತ್ರ ಹಾಕಿದವರಿಗೆ ಇದು ತಿಳಿಯುವುದೇ ಇಲ್ಲ. ಲಂಬಪಾದವನ್ನೂ ಹುಡುಕಿದವರಿಗೆ ಮಾತ್ರ ಕಾಣುತ್ತದೆ.

x ಅನ್ನು ಸುಮ್ಮನೆ 0 ಮಾಡಿ (0, 4, 5.5) ಎನ್ನುವುದೂ ಸಲ್ಲದು, ಅದು ಟಾರ್ಪಾಲಿನ ಮೇಲಿಲ್ಲ: 0 + 8 + 11 = 19. ಲಂಬಪಾದವನ್ನು ಗೋಡೆಗೆ ತಾಗಿದ ಅಂಚಿನ ಮೇಲೆ, ಅಂದರೆ x = 0, y + z = 9 ಎಂಬ ರೇಖೆಯ ಮೇಲೆ, ಮತ್ತೊಮ್ಮೆ ಪ್ರಕ್ಷೇಪಿಸಬೇಕು. ಆಗ (0, 3.75, 5.25) ಸಿಗುತ್ತದೆ, ದೂರ 6.09 ಅಡಿ, ಅಂದರೆ ಸೂತ್ರ ಹೇಳಿದ್ದಕ್ಕಿಂತ ಒಂದು ಅಂಗುಲದಷ್ಟು ಹೆಚ್ಚು. ಗುಣಕದ ದಾರಿಯಲ್ಲಿ x ≥ 0 ಎಂಬ ಎರಡನೆಯ ನಿರ್ಬಂಧಕ್ಕೆ ಇನ್ನೊಂದು ಗುಣಕ μ ಬೇಕಾಗುತ್ತದೆ. ಇಂಥ ಅಸಮತೆಗಳ ನಿಯಮವನ್ನು ವಿಲಿಯಂ ಕರುಷ್ 1939ರಲ್ಲಿ, ಹೆರಾಲ್ಡ್ ಕುನ್ ಮತ್ತು ಆಲ್ಬರ್ಟ್ ಟಕರ್ 1951ರಲ್ಲಿ ಬರೆದಿಟ್ಟರು. x = 0 ಎಂದಿಟ್ಟು ಬಿಡಿಸಿದರೆ λ = −4.25, μ = 2.25. λ ಋಣವಾದದ್ದು ದೀಪ ಈಗ ಟಾರ್ಪಾಲಿನ ಇನ್ನೊಂದು ಪಕ್ಕದಲ್ಲಿದೆ ಎಂಬುದಕ್ಕೆ. μ ಧನವಾದದ್ದು ಅಂಚು ನಿಜವಾಗಿ ತಡೆಯುತ್ತಿದೆ ಎಂಬುದಕ್ಕೆ. ಅದೇನಾದರೂ ಋಣವಾಗಿ ಬಂದಿದ್ದರೆ ಅಂಚು ಬಿಟ್ಟು ಒಳಕ್ಕೆ ಸರಿದಾಗ ಇನ್ನೂ ಹತ್ತಿರದ ಬಿಂದು ಸಿಗುತ್ತದೆ ಎಂದರ್ಥ. ಆಗ ಆ ನಿರ್ಬಂಧವನ್ನು ಕೈಬಿಟ್ಟು ಮತ್ತೆ ಲೆಕ್ಕ ಹಾಕಬೇಕು.